ಜರ್ಮನ್ ವಾಷಿಂಗ್ ಮೆಷಿನ್‌ನ ಪುಟ್ಟ ಪರದೆ ಓದುವುದು ಹೇಗೆ? ಐಂಡ್‌ಹೋವನ್‌ಗೆ ಬಂದ ಹೊಸಬರಿಗೆ

ಮುನಿಸಿಪಾಲಿಟಿಯಲ್ಲಿ ಹೆಸರು ಬರೆಸುವುದು, BSN ನಂಬರು, ಬ್ಯಾಂಕ್ ಖಾತೆ ಎಲ್ಲ ತಾನಾಗಿ ಆಗುತ್ತೆ. ಆಫೀಸಿನವರೇ ದಾರಿ ತೋರಿಸುತ್ತಾರೆ. ಬಟ್ಟೆ ಒಗೆಯುವುದಕ್ಕೆ ಮಾತ್ರ ಯಾರೂ ಬರುವುದಿಲ್ಲ.

ಇಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡರೆ ಗಡಿಯಾಚೆ ಜರ್ಮನಿಯಿಂದ ಬಂದ ಮೆಷಿನ್ ಸಿಗಬಹುದು. ಗುಂಡಿಯ ಸುತ್ತ ಅಚ್ಚಾದ ಅಕ್ಷರಗಳನ್ನು ಫೋನಿನ ಅನುವಾದ ಕ್ಯಾಮೆರಾ ಸಲೀಸಾಗಿ ಓದುತ್ತೆ. ತೊಂದರೆ ಇರೋದು ಪಕ್ಕದ ಬೆಳಕಿನ ಪರದೆಯಲ್ಲಿ. ಆ ಬೆಳಕು ಬಹಳ ವೇಗವಾಗಿ ಆರಿ ಹತ್ತುತ್ತಿರುತ್ತೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಮಾತ್ರ ಕಪ್ಪು ಪಟ್ಟೆಗಳು ಓಡಾಡಿದಂತೆ ಕಾಣುತ್ತೆ. ಸಿಕ್ಕ ಅರ್ಧಂಬರ್ಧ ಅಕ್ಷರದಿಂದ ಆ್ಯಪ್ ಊಹೆ ಮಾಡುತ್ತೆ. ಕೈ ಸ್ವಲ್ಪ ಅಲುಗಿದರೆ ಊಹೆಯೂ ಬದಲು.

ಅದಕ್ಕೇ ಲೈವ್ ಆಗಿ ಓದೋ ಹಟ ಬಿಡಿ. ಫ್ಲ್ಯಾಶ್ ಆಫ್ ಮಾಡಿ. ಒಂದು ಗೇಣು ದೂರದಲ್ಲಿ, ಗಾಜಿನ ಹೊಳಪು ಬೀಳದಂತೆ ಕೊಂಚ ಓರೆಯಾಗಿ ಹಿಡಿದು, ಕ್ಯಾಮೆರಾದ ಬ್ರೈಟ್‌ನೆಸ್ ತಗ್ಗಿಸಿ ಫೋಟೋ ತೆಗೆಯಿರಿ. ಪಟ್ಟೆ ಬಂದರೆ ಇನ್ನೊಂದು. ಆಮೇಲೆ ಆ ಫೋಟೋವನ್ನೇ ಅನುವಾದಕ್ಕೆ ಕೊಡಿ. ಭಾಷೆಯನ್ನು ತಾನೇ ಕಂಡುಹಿಡಿಯಲಿ ಅಂತ ಬಿಡಬೇಡಿ, ಜರ್ಮನ್ ಅಂತ ನೀವೇ ಆರಿಸಿ. ಒಂದೇ ಪದ ಇದ್ದರೆ ಅದು ಡಚ್ ಅಂದುಕೊಂಡುಬಿಡಬಹುದು. ಪದಗಳು ಓಡುತ್ತಿದ್ದರೆ ವಿಡಿಯೋ ಮಾಡಿ, ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆಯಿರಿ.

ಒಂದು ಉದಾಹರಣೆ. ಒಗೆದು ಮುಗಿದಂತಿದೆ, ಬಾಗಿಲು ತೆಗೆಯುತ್ತಿಲ್ಲ, ಪರದೆಯಲ್ಲಿ `Spülstopp`. ಅನುವಾದದಲ್ಲಿ ‘ಜಾಲಾಡುವುದು ನಿಲ್ಲಿಸಿ’ ಅನ್ನೋ ಥರ ಬಂದರೆ ಕೆಟ್ಟುಹೋಯ್ತು ಅಂತಲೇ ಅನಿಸುತ್ತೆ, ಅಲ್ವಾ? ಕೆಟ್ಟಿಲ್ಲ. ಬಟ್ಟೆ ಸುಕ್ಕಾಗದಿರಲಿ ಅಂತ ಕೊನೆಯ ನೀರನ್ನು ಒಳಗೇ ಇಟ್ಟುಕೊಂಡಿದೆ. ಯಾರೋ ಆ ಬಟನ್ ಒತ್ತಿರುತ್ತಾರೆ. `Abpumpen` ಆರಿಸಿದರೆ ನೀರು ಹೊರಗೆ, `Schleudern` ಆರಿಸಿದರೆ ಹಿಂಡಿ ಹೊರಗೆ. ಆಮೇಲೆ ಬಾಗಿಲು ತೆರೆಯುತ್ತೆ. ಸುಮ್ನೆ ಹಿಡಿ ಎಳೆದು ಮುರಿಯಬೇಡಿ.

ಇಲ್ಲಿನ ಶಾಲೆಗೆ ಹೋಗೋ ನನ್ನ ಮಗಳಿಗೆ `Spülstopp` ಓದೋಕೆ ಫೋನೇ ಬೇಡ. ಡಚ್‌ನಲ್ಲೂ ಹೆಚ್ಚುಕಡಿಮೆ ಇದೇ ಪದ, ನೋಡಿದ ತಕ್ಷಣ ಹೇಳುತ್ತಾಳೆ. ಅಜ್ಜಿ ಚಟ್ನಿಪುಡಿ ಡಬ್ಬಕ್ಕೆ ಅಂಟಿಸಿ ಕಳಿಸಿದ ಚೀಟಿ ಓದೋಕೆ ಮಾತ್ರ ಅವಳೂ ಕ್ಯಾಮೆರಾ ಹಿಡಿಯುತ್ತಾಳೆ. ಅಜ್ಜಿಯ ಕೈಬರಹ ಆ್ಯಪ್‌ಗೂ ಬಗ್ಗಲ್ಲ. ನನಗೆ ಒಳಗೊಳಗೇ ಖುಷಿ, ಜೊತೆಗೆ ಹೊಟ್ಟೆಯಲ್ಲಿ ಸಂಕಟ.

ಇರಲಿ. `E` ಅಥವಾ `F` ಜೊತೆ ಅಂಕಿ ಬಂದರೆ ಅನುವಾದಿಸಬೇಡಿ, ಅದು ದೋಷದ ಕೋಡ್. ಒಂದೊಂದು ಕಂಪನಿಗೆ ಒಂದೊಂದು ಅರ್ಥ. ಬಾಗಿಲು ತೆರೆದರೆ ಅದರ ಅಂಚಿನಲ್ಲೋ ಒಳಸುತ್ತಿನಲ್ಲೋ ಮಾಡೆಲ್ ನಂಬರ್ ಸಿಗುತ್ತೆ, ಅದನ್ನು ಹಿಡಿದು ಮ್ಯಾನುವಲ್ ಹುಡುಕಿ. ಪದಗಳನ್ನು ತೋರಿಸುವ ಪರದೆಯಾದರೆ `Einstellungen` ಅಂದರೆ ಸೆಟ್ಟಿಂಗ್ಸ್ ಒಳಗೆ `Sprache`, ಅಂದರೆ ಭಾಷೆ, ಇದೆಯಾ ನೋಡಿ. ಕೆಲವದರಲ್ಲಿ ಪಕ್ಕದಲ್ಲೇ ಪುಟ್ಟ ಬಾವುಟದ ಗುರುತೂ ಇರುತ್ತೆ. ಅಲ್ಲಿ ಇಂಗ್ಲಿಷ್ ಸಿಕ್ಕರೆ ಕ್ಯಾಮೆರಾ ಸಹವಾಸವೇ ಬೇಡ.