ಅಡಿಕೆ ಚೀಲದ ಮೇಲಿನ ರಕ್ತ: ಡಿಎನ್‌ಎ ಹೊಂದಾಣಿಕೆಯ ಲೆಕ್ಕ ಮಾಡುವುದು ಹೇಗೆ?

ಡಿಎನ್‌ಎ ವರದಿಯ ಕೊನೆಯಲ್ಲಿ 'ಇಷ್ಟು ಲಕ್ಷಕ್ಕೆ ಒಬ್ಬರು' ಅಂತ ಒಂದು ಸಾಲು ಇರುತ್ತದೆ. ಶಿವಮೊಗ್ಗದಲ್ಲಿ ಕಿರಿಯ ವಕೀಲರಿಗೆ ಇದನ್ನು ಹೇಳಿಕೊಡುವಾಗ ನೋಡಿದ್ದೇನೆ, ಗುಣಾಕಾರ ಎಲ್ಲರಿಗೂ ಬರುತ್ತದೆ. ಆ ಲಕ್ಷ ಜನ ಯಾರು ಅನ್ನುವಲ್ಲಿ ಎಡವುತ್ತಾರೆ.

ಲೆಕ್ಕಕ್ಕೆಂದು ಒಂದು ಪ್ರಕರಣ ಕಟ್ಟಿಕೊಳ್ಳೋಣ. ತೀರ್ಥಹಳ್ಳಿ ಕಡೆ ಒಂದು ಮನೆಯಲ್ಲಿ ಒಣ ಅಡಿಕೆ ಕಳುವಾಗಿದೆ. ಕಳ್ಳ ಕೈ ಕೊಯ್ದುಕೊಂಡು ಗೋಣಿಚೀಲಕ್ಕೆ ರಕ್ತ ತಾಗಿದೆ. ಚೀಲ ಮಳೆಯಲ್ಲಿ ನೆನೆದಿದೆ.

ಮೊದಲು ಮಾದರಿ. ಚೀಲವನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಒದ್ದೆ ಇದ್ದಾಗಲೇ ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಬಂದು ಡಿಎನ್‌ಎ ತುಂಡಾಗುತ್ತದೆ.

ಆಮೇಲೆ ಓದುವುದು. ಡಿಎನ್‌ಎಯ ಕೆಲವು ಜಾಗಗಳಲ್ಲಿ ನಾಲ್ಕಕ್ಷರದ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬಂತು ಅನ್ನುವುದೇ ಅಂಕಿ. ತಾಯಿಯಿಂದ ಒಂದು, ತಂದೆಯಿಂದ ಒಂದು. ಪ್ರಯೋಗಾಲಯ ಇಪ್ಪತ್ತರಷ್ಟು ಜಾಗ ನೋಡುತ್ತದೆ. ತುಂಡಾದ ಡಿಎನ್‌ಎಯಲ್ಲಿ ಉದ್ದದ ಜಾಗಗಳು ಮೊದಲು ಕೈಕೊಡುತ್ತವೆ. ನಮ್ಮ ಚೀಲದಲ್ಲಿ ಮೂರು ಚಿಕ್ಕ ಜಾಗಗಳು ಮಾತ್ರ ಉಳಿದಿವೆ ಅನ್ನೋಣ. ಮೊದಲು ಜಾಗದ ಹೆಸರು, ಆಮೇಲೆ ಅಲ್ಲಿನ ಎರಡು ಅಂಕಿ, ಕೊನೆಗೆ ಆ ಅಂಕಿ ಜನರಲ್ಲಿ ಎಷ್ಟು ಸಾಮಾನ್ಯ ಅನ್ನುವುದು. 9.3 ಅಂದರೆ ಒಂಬತ್ತು ಪೂರ್ತಿ ತುಣುಕು, ಜೊತೆಗೆ ಮೂರೇ ಅಕ್ಷರದ ಒಂದು ಅರೆತುಣುಕು. ಇವು ನಾನು ಉದಾಹರಣೆಗೆ ಇಟ್ಟ ಸಂಖ್ಯೆಗಳು.

```
TH01     6, 9.3    0.20, 0.30
D3S1358  14, 18    0.10, 0.15
D8S1179  11, 11    0.05
```

ಗುಣಾಕಾರ. ಒಂದೊಂದು ಅಂಕಿ ಜನರಲ್ಲಿ ಎಷ್ಟು ಸಾಮಾನ್ಯ ಅನ್ನುವುದೇ p ಮತ್ತು q. ಎರಡು ಅಂಕಿ ಬೇರೆ ಬೇರೆಯಾಗಿದ್ದರೆ 2pq. ಆ 2 ಬಿಡಬೇಡಿ. ಯಾವುದು ತಾಯಿಯದು, ಯಾವುದು ತಂದೆಯದು ಗೊತ್ತಿಲ್ಲವಲ್ಲ, ಅದಕ್ಕೆ. ಒಂದೇ ಅಂಕಿ ಎರಡು ಸಲ ಇದ್ದರೆ p².

```
0.12 × 0.03 × 0.0025 = 0.000009
```

ಅಂದರೆ ಸುಮಾರು 1 ಲಕ್ಷ 11 ಸಾವಿರಕ್ಕೆ ಒಬ್ಬರು. ಯಂತ್ರದ ನಕ್ಷೆಯಲ್ಲಿ ಒಂದೊಂದು ಅಂಕಿಗೆ ಒಂದೊಂದು ಗೆರೆ ಏಳುತ್ತದೆ. ಆದರೆ D8S1179ರಲ್ಲಿ ಕಂಡಿದ್ದು ಒಂದೇ ಗೆರೆ. ಅದು ಎತ್ತರವಾಗಿದ್ದರೆ ಮಾತ್ರ '11, 11' ಅನ್ನಿ. ತೀರಾ ಗಿಡ್ಡವಾಗಿದ್ದರೆ ಜೊತೆಯ ಇನ್ನೊಂದು ಗೆರೆ ಕಾಣದೇ ಹೋಗಿರಬಹುದು. ಆಗ p² ಬಿಟ್ಟು 2p ಹಾಕುವುದು ಹಳೆಯ ರೂಢಿ. 0.0025 ಇದ್ದದ್ದು 0.1 ಆಗುತ್ತದೆ, ಇಡೀ ಉತ್ತರ ನಲವತ್ತು ಪಟ್ಟು ಸಡಿಲವಾಗುತ್ತದೆ. ನಮ್ಮದು ಎತ್ತರವಾಗಿಯೇ ಇದೆ ಅಂದುಕೊಂಡು ಮುಂದೆ ಹೋಗೋಣ.

ಎಡವುವ ಜಾಗ ಇದು. ಈ ಲೆಕ್ಕ ನಡೆಯುವುದು ಜನ ಹೇಗೆಂದರೆ ಹಾಗೆ ಬೆರೆತು ಮದುವೆಯಾಗುತ್ತಾರೆ ಅಂದುಕೊಂಡು. ನಮ್ಮಲ್ಲಿ ಹಾಗಿದೆಯಾ? ಅಕ್ಕನ ಮಗಳು, ಸೋದರತ್ತೆಯ ಮಗ, ಸುತ್ತಲ ನಾಲ್ಕು ಊರಿನ ಅದೇ ಜಾತಿಯ ಸಂಬಂಧ. ಒಂದೇ ಹಿರಿಯರಿಂದ ಬಂದ ಅಂಕಿ ಎರಡೂ ಕಡೆಯಿಂದ ಸಿಗುವುದು ಜಾಸ್ತಿ. ಅದಕ್ಕೆ ಥೀಟಾ ಅನ್ನುವ ತಿದ್ದುಪಡಿ ಇದೆ. 1996ರ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ವರದಿ ಸಾಮಾನ್ಯ ಜನಸಂಖ್ಯೆಗೆ 0.01, ಚಿಕ್ಕ ಪ್ರತ್ಯೇಕ ಗುಂಪಿಗೆ 0.03 ಅಂದಿತು. ಮಲೆನಾಡಿನ ಒಳಊರುಗಳಿಗೆ 0.03 ಹಾಕಿ ಅನ್ನುತ್ತೇನೆ ನಾನು.

```
p² + p(1−p)θ = 0.0025 + 0.05 × 0.95 × 0.03 = 0.003925
```

ಉಳಿದೆರಡು ಜಾಗವನ್ನು ಮೊದಲಿನಂತೆಯೇ ಇಟ್ಟು 0.0025ರ ಬದಲು ಇದನ್ನು ಹಾಕಿದರೆ, ಈಗ ಉತ್ತರ ಸುಮಾರು 71 ಸಾವಿರಕ್ಕೆ ಒಬ್ಬರು. ಅಪರೂಪದ ಅಂಕಿ ಜೋಡಿಯಾಗಿ ಬಂದಾಗಲೇ ತಿದ್ದುಪಡಿ ಜೋರಾಗಿ ತಾಗುವುದು.

ಆದರೆ ಥೀಟಾ ದೂರದ ನಂಟಿಗೆ. ಸಿಕ್ಕಿಬಿದ್ದವನಿಗೆ ಸ್ವಂತ ತಮ್ಮನಿದ್ದರೆ ಸೂತ್ರವೇ ಬೇರೆ. ಒಂದು ಜಾಗದಲ್ಲಿ ಅಣ್ಣನಿಗೂ ತಮ್ಮನಿಗೂ ತಾಯಿಯಿಂದ ಅದೇ ಪ್ರತಿ, ತಂದೆಯಿಂದಲೂ ಅದೇ ಪ್ರತಿ ಸಿಗುವ ಸಾಧ್ಯತೆಯೇ ನಾಲ್ಕರಲ್ಲಿ ಒಂದು.

```
(1 + p + q + 2pq) / 4  →  0.405, 0.32
(1 + p)² / 4           →  0.276
0.405 × 0.32 × 0.276 = 0.036
```

ಇಪ್ಪತ್ತೆಂಟಕ್ಕೆ ಒಂದು! ಲಕ್ಷದ ಮಾತು ಎಲ್ಲಿ, ಇಪ್ಪತ್ತೆಂಟು ಎಲ್ಲಿ. ಇಪ್ಪತ್ತೂ ಜಾಗ ಸಿಕ್ಕಿದ್ದರೆ ತಮ್ಮನನ್ನೂ ಬೇರ್ಪಡಿಸಬಹುದಿತ್ತು. ಮೂರೇ ಇದ್ದಾಗ ಆಗುವುದಿಲ್ಲ. ಮನೆಯಲ್ಲಿ ಅಣ್ಣ ತಮ್ಮಂದಿರಿದ್ದರೆ ಸೂತ್ರದ ಮೇಲೆ ಭಾರ ಹಾಕಬೇಡಿ, ಅವರ ಮಾದರಿಯನ್ನೂ ಕೇಳಿ.

ಬರೆಯುವ ವಾಕ್ಯ. 'ಇವನು ನಿರಪರಾಧಿಯಾಗಿರುವ ಸಾಧ್ಯತೆ 71 ಸಾವಿರದಲ್ಲಿ ಒಂದು' ಅಂತ ಯಾವತ್ತೂ ಬರೆಯಬೇಡಿ. 2011ರ ಜನಗಣತಿ ಪ್ರಕಾರ ಶಿವಮೊಗ್ಗ ಜಿಲ್ಲೆಯ ಜನ ಸುಮಾರು 17.5 ಲಕ್ಷ. ಭಾಗಿಸಿ ನೋಡಿ, ಜಿಲ್ಲೆಯಲ್ಲೇ ಇಪ್ಪತ್ತೈದು ಜನರಿಗೆ ಇದೇ ಮೂರು ಜಾಗ ಹೊಂದಬಹುದು. ಸರಿಯಾದ ವಾಕ್ಯ ಇದು: 'ಸಂಬಂಧವಿಲ್ಲದ ಒಬ್ಬರನ್ನು ಸುಮ್ನೆ ಆರಿಸಿದರೆ, ಅವರಿಗೆ ಈ ಅಂಕಿಗಳು ಹೊಂದುವ ಸಾಧ್ಯತೆ 71 ಸಾವಿರದಲ್ಲಿ ಒಂದು. ಒಡಹುಟ್ಟಿದವರಿಗೆ ಇಪ್ಪತ್ತೆಂಟರಲ್ಲಿ ಒಂದು.' ಎರಡನೆಯ ಸಾಲು ವರದಿಯಲ್ಲಿ ಇಲ್ಲದಿದ್ದರೆ, ಪಾಟೀಸವಾಲಿನಲ್ಲಿ ಮೊದಲು ಅದನ್ನೇ ಕೇಳಿ.