ಒಣಗಿದ ಬಳ್ಳಿ ಎಷ್ಟು? ಮೆಣಸಿನ ತೋಟದಲ್ಲಿ ಸರ್ವೆ ಮಾಡುವವರಿಗೆ

ಪೊನ್ನಂಪೇಟೆ ಕಡೆ ಇಂಟರ್ನ್‌ಶಿಪ್‌ಗೆ ಬಂದಿದ್ದೀರಿ. ಗೈಡ್ ಹೇಳಿದ್ದಾರೆ, ಸಣ್ಣ ಬೆಳೆಗಾರರ ಮೂವತ್ತು ಮನೆಗೆ ಹೋಗಿ ಈ ಮಳೆಗಾಲದಲ್ಲಿ ಕರಿಮೆಣಸಿನ ಬಳ್ಳಿ ಎಷ್ಟು ಸತ್ತಿದೆ, ಔಷಧಿ ಹೊಡೆದವರ ತೋಟದಲ್ಲಿ ಕಡಿಮೆ ಸತ್ತಿದೆಯಾ ನೋಡಿ ಅಂತ. ಮೊದಲ ದಿನ ಎಲ್ಲರೂ ಮಾಡುವುದು ಒಂದೇ. ಗೂಗಲ್ ಫಾರಂ ತೆರೆದು ಹೆಸರು, ವಯಸ್ಸು, ವಿದ್ಯಾಭ್ಯಾಸ, ಕುಟುಂಬದ ಸದಸ್ಯರು ಅಂತ ಶುರು ಮಾಡಿ ನಲವತ್ತು ಪ್ರಶ್ನೆ ಬರೆಯುತ್ತಾರೆ. ಅದನ್ನು ಪಕ್ಕಕ್ಕಿಡಿ.

ಮೊದಲು ಒಂದು ಹಾಳೆಯಲ್ಲಿ ಖಾಲಿ ಟೇಬಲ್ ಬರೆಯಿರಿ, ರಿಪೋರ್ಟಿನ ಕೊನೆಗೆ ಬರಬೇಕಾದ ಟೇಬಲ್. ಎಡಗಡೆ ಎರಡು ಸಾಲು: ಮಳೆಗೆ ಮುಂಚೆ ಔಷಧಿ ಹೊಡೆದವರು, ಹೊಡೆಯದವರು. ಮೇಲೆ ಮೂರು ಕಾಲಂ: ಎಷ್ಟು ಮನೆ, ಒಟ್ಟು ಎಷ್ಟು ಬಳ್ಳಿ, ಸತ್ತದ್ದು ಎಷ್ಟು. ಈಗ ನಿಮ್ಮ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿ. ಈ ಟೇಬಲ್ಲಿನ ಯಾವುದಾದರೂ ಖಾನೆಗೆ ಉತ್ತರ ತುಂಬುತ್ತದಾ, ಅಥವಾ ತುಂಬಿದ ಉತ್ತರ ಸರಿಯಿದೆಯಾ ಅಂತ ನೋಡಲು ಬೇಕಾ? ಎರಡೂ ಇಲ್ಲ ಅಂದರೆ ಹೊಡೆದುಹಾಕಿ. ಹನ್ನೆರಡು ಪ್ರಶ್ನೆ ಉಳಿದರೆ ಸಾಕು, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ವಿದ್ಯಾಭ್ಯಾಸ ಕೇಳಲೇಬೇಕು ಅಂತ ಗೈಡ್ ಹೇಳಿದರೆ ಕೊನೆಗೆ ಇಡಿ, ಮೊದಲೇ ಕೇಳಿದರೆ ಮಾತು ಬಿಗಿಯಾಗುತ್ತದೆ.

ಒಂದೇ ಪ್ರಶ್ನೆ, ಮೂರು ಸಲ ತಿದ್ದಿ

ಮುಖ್ಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮೊದಲ ಸಲ ನೀವು ಬರೆಯುವುದು ಹೀಗಿರುತ್ತದೆ: "ನಿಮ್ಮ ತೋಟದಲ್ಲಿ ಸೊರಗು ರೋಗದ ತೀವ್ರತೆ ಎಷ್ಟಿದೆ? ಜಾಸ್ತಿ, ಸಾಧಾರಣ, ಕಡಿಮೆ." ಇದರಲ್ಲಿ ಏನೂ ಸಿಗುವುದಿಲ್ಲ. ಐವತ್ತು ಬಳ್ಳಿ ಹೋದ ಒಬ್ಬರಿಗೆ ಅದು ಕಡಿಮೆ, ಐದು ಹೋದ ಇನ್ನೊಬ್ಬರಿಗೆ ಜಾಸ್ತಿ.

ಎರಡನೇ ಸಲ: "ಸೊರಗು ರೋಗದಿಂದ ಎಷ್ಟು ಬಳ್ಳಿ ಸತ್ತಿದೆ?" ಪರವಾಗಿಲ್ಲ, ಆದರೆ ಇಲ್ಲಿ ಎರಡು ಪ್ರಶ್ನೆ ಒಂದರೊಳಗೊಂದು ಸೇರಿಕೊಂಡಿದೆ. ಎಷ್ಟು ಸತ್ತಿತು ಅನ್ನುವುದು ಒಂದು, ಯಾವುದರಿಂದ ಸತ್ತಿತು ಅನ್ನುವುದು ಇನ್ನೊಂದು. ಸೊರಗುವುದರಲ್ಲೂ ಎರಡು ಥರ ಇದೆ ಅಲ್ವಾ. ಜೋರು ಮಳೆಯಲ್ಲಿ ಎಲೆ ಮೇಲೆ ಕಪ್ಪು ಮಚ್ಚೆ ಬಂದು, ಹಸಿರೆಲೆಯೇ ಉದುರಿ, ಎರಡು ಮೂರು ವಾರದಲ್ಲಿ ಬಳ್ಳಿ ಗೆಣ್ಣು ಗೆಣ್ಣಾಗಿ ಕಳಚಿ ಬೀಳುವುದು ಶೀಘ್ರ ಸೊರಗು, ಇದು ಫೈಟಾಪ್ತೊರಾ ಅನ್ನುವ ರೋಗಾಣುವಿನ ಕೆಲಸ. ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಆಚೆಗೆ, ಎಲೆ ಹಳದಿಯಾಗುತ್ತಾ ನಿಧಾನಕ್ಕೆ ಬಡವಾಗುವುದು ಇನ್ನೊಂದು, ಅದರಲ್ಲಿ ಬೇರಿನ ಜಂತುಹುಳುವಿನ ಪಾತ್ರ ದೊಡ್ಡದು. ಆ ಥರದ ಬಳ್ಳಿ ಮುಂದಿನ ಮಳೆಗೆ ಸುಧಾರಿಸಿಕೊಳ್ಳುವುದೂ ಉಂಟು. ಬೆಳೆಗಾರರ ಮಾತಿನಲ್ಲಿ ಎರಡೂ "ಒಣಗಿಹೋಯ್ತು". ಹಾಗಾಗಿ ರೋಗದ ಹೆಸರು ಕೇಳಬೇಡಿ, ಕಂಡದ್ದನ್ನು ಕೇಳಿ.

ಮೂರನೇ ಸಲ ಅದು ನಾಲ್ಕು ಸಣ್ಣ ಪ್ರಶ್ನೆ ಆಗುತ್ತದೆ. "ಈ ಸಲ ಮಳೆ ಹಿಡಿಯುವ ಮುಂಚೆ ಬಳ್ಳಿ ಇದ್ದ ಮರ ಎಷ್ಟಿತ್ತು?" "ಮಳೆ ಹಿಡಿದ ಮೇಲೆ ಇವತ್ತಿನವರೆಗೆ ಎಷ್ಟು ಮರದಲ್ಲಿ ಬಳ್ಳಿ ಪೂರ್ತಿ ಒಣಗಿದೆ?" "ಅದರಲ್ಲಿ ಕೈಲ್‌ಪೊಳ್ದಿಗೆ ಮುಂಚೆ ಹೋದದ್ದು ಎಷ್ಟು, ಆಮೇಲೆ ಎಷ್ಟು?" "ಎಲೆ ಹೇಗೆ ಹೋಯಿತು, ಹಸಿರಿದ್ದ ಹಾಗೇ ಉದುರಿತಾ, ಹಳದಿಯಾಗಿ ಉದುರಿತಾ?" ಆಗಸ್ಟ್ ಮೂರನೇ ವಾರ ಅಂದರೆ ಯಾರಿಗೂ ನೆನಪು ಬರುವುದಿಲ್ಲ. ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದು ಹಬ್ಬ ಹೇಳಿದರೆ ತಕ್ಷಣ ನೆನಪಾಗುತ್ತದೆ.

ಬಳ್ಳಿಯಾ, ಮರವಾ?

ಮೇಲೆ "ಮರ" ಅಂತ ಬರೆದದ್ದು ಸುಮ್ನೆ ಅಲ್ಲ. ಒಂದು ಸಿಲ್ವರ್ ಓಕ್ ಅಥವಾ ಹಾಲುವಾಣದ ಬುಡಕ್ಕೆ ಎರಡು ಮೂರು ಸಸಿ ನೆಟ್ಟಿರುತ್ತಾರೆ. ಒಬ್ಬರು ಅದನ್ನು ಒಂದು ಬಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಎರಡು ಅನ್ನುತ್ತಾರೆ. ಇನ್ನೂ ಕಷ್ಟ ಏನು ಅಂದರೆ ಒಬ್ಬರೇ ಎರಡೂ ಲೆಕ್ಕ ಹೇಳುತ್ತಾರೆ.

ಒಂದು ಉದಾಹರಣೆ ನೋಡಿ. "ನಾನೂರು ಬಳ್ಳಿ ಇದೆ, ಐವತ್ತು ಮರ ಹೋಯ್ತು" ಅಂದರು ಅಂತ ಇಟ್ಟುಕೊಳ್ಳಿ. ನೀವು 400ರಲ್ಲಿ 50, ಅಂದರೆ ನೂರಕ್ಕೆ 12.5 ಅಂತ ಬರೆದುಕೊಂಡು ಬಂದಿರಿ. ಆದರೆ ಅವರು ನಾನೂರು ಅಂದದ್ದು ನರ್ಸರಿಯಿಂದ ತಂದು ನೆಟ್ಟ ಸಸಿ, ಒಂದು ಮರಕ್ಕೆ ಎರಡರಂತೆ. ಬಳ್ಳಿ ಹತ್ತಿದ ಮರ ಇರುವುದು 200. ಹೋದದ್ದು 50 ಮರ. ನಿಜವಾದ ಲೆಕ್ಕ ನೂರಕ್ಕೆ 25. ನಷ್ಟ ನಿಮ್ಮ ಹಾಳೆಯಲ್ಲಿ ಅರ್ಧಕ್ಕೆ ಇಳಿದುಬಿಟ್ಟಿತು, ಯಾರೂ ಸುಳ್ಳು ಹೇಳಲಿಲ್ಲ. ಸಂಜೆ ರೂಮಿನಲ್ಲಿ ಕೂತು ಇದನ್ನು ಕಂಡುಹಿಡಿಯಲು ಆಗುವುದಿಲ್ಲ. ಅಂಗಳದಲ್ಲೇ ಕೇಳಬೇಕು: "ಅಣ್ಣ, ಒಂದು ಮರಕ್ಕೆ ಎಷ್ಟು ಸಸಿ ಹಾಕಿದ್ದೀರಿ? ನೀವು ಹೇಳಿದ ನಾನೂರು ಮರದ ಲೆಕ್ಕವಾ, ಸಸಿ ಲೆಕ್ಕವಾ?" ಇದನ್ನು ಫಾರಂನಲ್ಲೇ ಒಂದು ಪ್ರಶ್ನೆಯಾಗಿ ಅಚ್ಚು ಹಾಕಿಸಿ, ನೆನಪಿದ್ದಾಗ ಕೇಳೋಣ ಅಂತ ಬಿಡಬೇಡಿ. ಫಸಲು ಕೇಳಿದರೂ ಇದೇ ಎಚ್ಚರ ಬೇಕು. ಹಸಿ ಮೆಣಸು ಒಣಗಿದರೆ ಮೂರರಲ್ಲಿ ಒಂದು ಪಾಲಿನಷ್ಟೇ ಉಳಿಯುತ್ತದೆ. ಹಸಿಯಾ ಒಣಗಿದ್ದಾ ಅಂತ ಬರೆಯದ ಕೆಜಿ ಲೆಕ್ಕ ಯಾವುದಕ್ಕೂ ಬರುವುದಿಲ್ಲ.

ಔಷಧಿ ಪ್ರಶ್ನೆಯನ್ನು ಹೇಗೆ ಕೇಳುವುದು

"ಬೋರ್ಡೋ ಹೊಡೆಸಿದ್ದೀರಿ ಅಲ್ವಾ?" ಅಂತ ಕೇಳಿದರೆ ಹೆಚ್ಚಿನವರು ಹೌದು ಅನ್ನುತ್ತಾರೆ. ಕಾಲೇಜಿನವರು ಬಂದಿದ್ದಾರೆ, ಇಲ್ಲ ಅಂದರೆ ಚೆನ್ನಾಗಿರಲ್ಲ ಅನ್ನುವ ಸಂಕೋಚ. ಹೀಗೆ ಕೇಳಿ: "ಕೆಲವರು ಮಳೆಗೆ ಮುಂಚೆ ಬಳ್ಳಿಗೆ ಏನಾದರೂ ಹೊಡೆಸುತ್ತಾರೆ, ಕೆಲವರಿಗೆ ಆಗುವುದಿಲ್ಲ. ಈ ಸಲ ನಿಮ್ಮಲ್ಲಿ ಹೇಗಾಯಿತು?" ಹೊಡೆಸಿದೆವು ಅಂದರೆ ಮುಂದೆ ಹೋಗಿ: ಏನು, ಯಾವಾಗ, ಎಷ್ಟು ಮರಕ್ಕೆ, ಒಂದು ಡ್ರಮ್ಮಿಗೆ ಏನೇನು ಎಷ್ಟೆಷ್ಟು ಹಾಕಿದಿರಿ, ಮಳೆಯ ನಡುವೆ ಇನ್ನೊಂದು ಸಲ ಹೊಡೆದಿರಾ?

ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕೆಜಿ ಆಯಿತು. ಅವರು "ಒಂದು ಕೆಜಿ ತುತ್ತ ಹಾಕಿದೆವು" ಅಂದರೆ ನೀವು 1 ಅಂತಲೇ ಬರೆಯಿರಿ, ಡ್ರಮ್ ಎಷ್ಟು ಲೀಟರಿನದು ಅಂತ ಕೇಳಿ ಅದನ್ನೂ ಬರೆಯಿರಿ. "ಅಯ್ಯೋ, ಎರಡು ಹಾಕಬೇಕಿತ್ತು" ಅಂತ ಮಧ್ಯದಲ್ಲಿ ಹೇಳಬೇಡಿ. ಹೇಳಿದ ಕೂಡಲೇ ಆಮೇಲಿನ ಉತ್ತರಗಳೆಲ್ಲ ನಿಮಗೆ ಇಷ್ಟವಾಗುವ ಹಾಗೆ ತಿರುಗುತ್ತವೆ. ಗೊತ್ತಿದ್ದ ಮಾಹಿತಿ ಹೇಳುವುದು ಒಳ್ಳೆಯದೇ, ಆದರೆ ಫಾರಂ ಮುಚ್ಚಿದ ಮೇಲೆ, ಕಾಫಿ ಕುಡಿಯುವಾಗ.

ಬಾಗಿಲಲ್ಲಿ ಹೇಳಬೇಕಾದ್ದು

ಯಾರು, ಯಾಕೆ ಬಂದಿದ್ದು, ಎಷ್ಟು ಹೊತ್ತು, ಬೇಡ ಅಂದರೂ ಬೇಸರವಿಲ್ಲ ಅಂತ ಹೇಳಿ. ಇನ್ನೊಂದು ಮಾತು ಕೊಡಗಿನಲ್ಲಿ ಖಂಡಿತ ಹೇಳಲೇಬೇಕು: ಇದು ಪರಿಹಾರದ ಸರ್ವೆ ಅಲ್ಲ. 2018ರ ಆಗಸ್ಟಿನ ಮಳೆ, ಬರೆ ಕುಸಿತ ಆದ ಮೇಲೆ ನಷ್ಟ ಬರೆದುಕೊಂಡು ಹೋಗುವವರನ್ನು ಇಲ್ಲಿನ ಜನ ನೋಡಿದ್ದಾರೆ. ಕೈಯಲ್ಲಿ ಫಾರಂ ಹಿಡಿದವರನ್ನು ಕಂಡರೆ ಇದೂ ಅದೇ ಇರಬಹುದು ಅನ್ನಿಸುವುದು ಸಹಜ, ಆಗ ನಷ್ಟದ ಅಂಕಿ ಸ್ವಲ್ಪ ಮೇಲೆ ಹೋಗುತ್ತದೆ. ಸುಳ್ಳು ಆಸೆ ಹುಟ್ಟಿಸಿ ಬರುವುದು ಅವರಿಗೂ ಅನ್ಯಾಯ.

ಉತ್ತರ ಕೊಟ್ಟವರು ಯಾರು ಅಂತ ಬರೆಯಿರಿ. ಮಾಲೀಕರಾ, ಮನೆಯ ಹೆಂಗಸರಾ, ತೋಟದ ರೈಟರಾ? ಮಾಲೀಕರು ಬೆಂಗಳೂರಲ್ಲಿದ್ದು ರೈಟರ್ ನೋಡಿಕೊಳ್ಳುವ ತೋಟದಲ್ಲಿ ಔಷಧಿ ಲೆಕ್ಕ ರೈಟರಿಗೇ ಸರಿಯಾಗಿ ಗೊತ್ತಿರುತ್ತದೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಮಾತಾಡುವವರ ಹತ್ತಿರ ಹೋಗುವಾಗ ಆ ಭಾಷೆ ಬಲ್ಲ ಜೊತೆಗಾರರಿದ್ದರೆ ಒಳ್ಳೆಯದು, ಆದರೆ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳುವುದು ಅಂತ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ.

ಕಾಫಿ ಕುಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅಕ್ಟೋಬರ್‌ನಲ್ಲೇ ಮುಗಿಸಿ, ಸಂಜೆ ಆಳುಗಳು ಹೋದ ಮೇಲೆ ಹೋಗಿ.

ಹಾಳೆ ಮೇಲೆ ಏನು ಬರೆಯಬೇಕು

ಅವರು ಹೇಳಿದ್ದನ್ನೇ. ನನಗೆ ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. "ಇನ್ನೂರು ಚಿಲ್ಲರೆ" ಅಂದರೆ "200 ಚಿಲ್ಲರೆ, ಮರ, ಅಂದಾಜು" ಅಂತ ಬರೆಯಿರಿ, 210 ಅಂತ ನೀವೇ ಸೇರಿಸಬೇಡಿ. ಪ್ರತಿ ಅಂಕಿಯ ಮುಂದೆ ಒಂದು ಗುರುತು ಇರಲಿ: ಎಣಿಸಿದ್ದಾದರೆ "ಎ", ಅಂದಾಜಾದರೆ "ಅಂ", ಪುಸ್ತಕ ನೋಡಿ ಹೇಳಿದ್ದಾದರೆ "ಪು". ಎಕರೆಗೆ ಎಷ್ಟು, ನೂರಕ್ಕೆ ಎಷ್ಟು ಅನ್ನುವ ಲೆಕ್ಕ ಅಂಗಳದಲ್ಲಿ ಬೇಡವೇ ಬೇಡ.

ಜಾಗ ಖಾಲಿ ಬಿಡಬೇಡಿ. ಒಂದೂ ಸತ್ತಿಲ್ಲ ಅಂದರೆ 0. ಗೊತ್ತಿಲ್ಲ ಅಂದರೆ -8. ಹೇಳಲು ಇಷ್ಟವಿಲ್ಲ ಅಂದರೆ -9. ಔಷಧಿಯೇ ಹೊಡೆಯದವರಿಗೆ ಡ್ರಮ್ಮಿನ ಪ್ರಶ್ನೆ ಬರುವುದೇ ಇಲ್ಲ, ಅಲ್ಲಿ -7. 88, 99 ಅಂತ ಹಾಕುವ ಅಭ್ಯಾಸ ಹಲವರಿಗಿದೆ, ಆದರೆ 99 ಮರ ನಿಜವಾಗಿಯೂ ಇರಬಹುದಲ್ಲ. ಎಕ್ಸೆಲ್‌ನಲ್ಲಿ ಸರಾಸರಿ ತೆಗೆಯುವ ಮುಂಚೆ ಈ ಮೈನಸ್ ಅಂಕಿಗಳನ್ನು ಬೇರೆ ಮಾಡಬೇಕು ಅನ್ನುವುದು ಮಾತ್ರ ಮರೆಯಬೇಡಿ.

ಹೆಸರು, ಫೋನ್ ನಂಬರ್ ಉತ್ತರದ ಹಾಳೆ ಮೇಲೆ ಬೇಡ. ಹಾಳೆಗೆ 07 ಅಂತ ನಂಬರ್ ಹಾಕಿ, 07 ಯಾರು ಅನ್ನುವ ಪಟ್ಟಿ ಬೇರೆ ಪುಸ್ತಕದಲ್ಲಿರಲಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಮಳೆ ಹನಿಗೆ ಪೆನ್ನಿನ ಶಾಯಿ ಹರಡುತ್ತದೆ. ತಪ್ಪಾದರೆ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಮೊಬೈಲೇ ಬೇಕು ಅನ್ನುವವರು ಕೋಬೋ ಟೂಲ್‌ಬಾಕ್ಸ್ ಬಳಸಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ಉತ್ತರ ಫೋನಿನಲ್ಲೇ ಉಳಿಯುತ್ತದೆ. ಆದರೆ ಅಲ್ಲೂ "ಅವರದೇ ಮಾತು" ಅಂತ ಒಂದು ಜಾಗ ಇಡಿ.

ಮಾತು ಮುಗಿದ ಮೇಲೆ, ಅವರು ಒಪ್ಪಿದರೆ, ತೋಟಕ್ಕೆ ಇಳಿದು ಒಂದು ಸಾಲಿನಲ್ಲಿ ಇಪ್ಪತ್ತು ಮರ ನೋಡಿ, ಎಷ್ಟರಲ್ಲಿ ಬಳ್ಳಿ ಒಣಗಿದೆ ಎಣಿಸಿ. ಇದು ಅವರ ಉತ್ತರದ ಬದಲಿಗೆ ಅಲ್ಲ, ಯಾಕಂದರೆ ನೀರು ನಿಲ್ಲುವ ತಗ್ಗಿನಲ್ಲಿ ಜಾಸ್ತಿ ಸತ್ತಿರುತ್ತದೆ, ಒಂದು ಸಾಲು ಇಡೀ ತೋಟವಲ್ಲ. ಆದರೆ ಮೂವತ್ತು ತೋಟದಲ್ಲೂ ಹೀಗೆ ಎಣಿಸಿದರೆ ಬಾಯಿಮಾತಿನ ಅಂಕಿ ಎತ್ತ ವಾಲಿದೆ ಅಂತ ಗೊತ್ತಾಗುತ್ತದೆ.

ಮೊದಲು ನಾಲ್ಕೈದು ಮನೆ, ಆಮೇಲೆ ಮೂವತ್ತು

ಪಟ್ಟಿಯಲ್ಲಿಲ್ಲದ ನಾಲ್ಕೈದು ಮನೆಯಲ್ಲಿ ಮೊದಲು ಕೇಳಿ ನೋಡಿ. ಎಲ್ಲಿ "ಏನಂದ್ರಿ?" ಅಂದರೋ ಆ ಪ್ರಶ್ನೆ ಬದಲಾಯಿಸಿ. ಎಲ್ಲರೂ ಒಂದೇ ಉತ್ತರ ಕೊಟ್ಟ ಪ್ರಶ್ನೆ ಇದ್ದರೆ, ನೀವೇ ಉತ್ತರ ಬಾಯಿಗಿಟ್ಟ ಹಾಗೆ ಕೇಳಿದ್ದೀರಾ ನೋಡಿ. ಮೂವತ್ತು ಮನೆ ಶುರುವಾದ ಮೇಲೆ ಮಾತ್ರ ಒಂದು ಪದವೂ ಬದಲಾಗಬಾರದು.

ಮನೆಗಳನ್ನು ಬಸ್ಸಿನ ದಾರಿಯಲ್ಲೇ ಆರಿಸಬೇಡಿ. ಇಲ್ಲಿ ಮನೆಗಳು ತೋಟದೊಳಗೆ ದೂರ ದೂರ ಇರುತ್ತವೆ, ರಸ್ತೆ ಬದಿಯವರಿಗೆ ಔಷಧಿ, ಆಳು ಎರಡೂ ಸುಲಭವಾಗಿ ಸಿಗುತ್ತದೆ. ಬೆಳೆಗಾರರ ಪಟ್ಟಿ ಸಿಕ್ಕರೆ ಚೀಟಿ ಎತ್ತಿ. ಸಿಗದಿದ್ದರೆ ಹೇಗೆ ಆರಿಸಿದಿರಿ ಅಂತ ರಿಪೋರ್ಟಿನಲ್ಲಿ ನೇರವಾಗಿ ಬರೆಯಿರಿ. ಹೊಡೆಸಿದವರಲ್ಲಿ ಕಡಿಮೆ ಸತ್ತಿದ್ದರೂ ಅದು ಔಷಧಿಯಿಂದಲೇ ಅನ್ನಲು ಈ ಸರ್ವೆ ಸಾಲದು, ಅವರು ಬಸಿಗಾಲುವೆಯನ್ನೂ ಚೆನ್ನಾಗಿ ತೆಗೆಸಿರಬಹುದು, ನೆರಳನ್ನೂ ಕಡಿಸಿರಬಹುದು.

ಆಯಾ ದಿನದ ಹಾಳೆಯನ್ನು ಆಯಾ ರಾತ್ರಿಯೇ ಓದಿ. ಸತ್ತದ್ದು ಇದ್ದದ್ದಕ್ಕಿಂತ ಜಾಸ್ತಿ ಆಗಿದೆಯಾ? ಹಬ್ಬಕ್ಕೆ ಮುಂಚಿನದು, ಆಮೇಲಿನದು ಕೂಡಿದರೆ ಒಟ್ಟು ಬರುತ್ತದಾ? ಔಷಧಿ ಹೊಡೆದ ಮರ ಒಟ್ಟು ಮರಕ್ಕಿಂತ ಹೆಚ್ಚಿದೆಯಾ? ತಾಳೆ ಬರದಿದ್ದರೆ ನಾಳೆಯೇ ಫೋನ್ ಮಾಡಿ ಅಥವಾ ಹೋಗಿ ಕೇಳಿ, ಹದಿನೈದು ದಿನ ಬಿಟ್ಟರೆ ಅವರಿಗೂ ನೆನಪಿರುವುದಿಲ್ಲ. ಕಂಪ್ಯೂಟರಿಗೆ ಹಾಕುವಾಗ ಅವರು ಹೇಳಿದ್ದಕ್ಕೆ ಒಂದು ಕಾಲಂ, ನೀವು ಮರದ ಲೆಕ್ಕಕ್ಕೆ ತಿರುಗಿಸಿದ್ದಕ್ಕೆ ಇನ್ನೊಂದು ಕಾಲಂ ಇಡಿ. "400 ಸಸಿ" ಅನ್ನುವುದು "200 ಮರ" ಆದದ್ದು ಹೇಗೆ ಅಂತ ಗೈಡ್ ಕೇಳಿದರೆ ಆ ಸಾಲನ್ನೇ ತೋರಿಸಬಹುದು.