ಎಂಟು ಚೀಟಿ ಇಟ್ಟುಕೊಂಡು ಪಿ-ವ್ಯಾಲ್ಯೂ ಎಣಿಸುವುದು ಹೇಗೆ?

ಸೈಕಾಲಜಿ ಪ್ರಾಜೆಕ್ಟ್ ಮಾಡುವ ಎಷ್ಟೋ ಮಕ್ಕಳು ಅಂಕಗಳನ್ನೆಲ್ಲ ಸಾಫ್ಟ್‌ವೇರಿಗೆ ತುಂಬಿ, ಬಂದ ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಇದೆಯಾ ಅಂತ ನೋಡುತ್ತಾರೆ. ಇದ್ದರೆ ಖುಷಿ, ಇಲ್ಲದಿದ್ದರೆ ಕಂಗಾಲು. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಭಯ ಹುಟ್ಟುವುದೇ ಅಲ್ಲಿ ಅಂತ ನನಗನಿಸುತ್ತದೆ. ಅದಕ್ಕೇ ಇವತ್ತು ಫಾರ್ಮುಲಾ ಬದಿಗಿಡೋಣ. ಎಂಟು ಕಾಗದದ ಚೀಟಿ, ಒಂದು ಪೆನ್ನು ಇದ್ದರೆ ಪಿ-ವ್ಯಾಲ್ಯೂವನ್ನು ನೀವೇ ಎಣಿಸಬಹುದು. ಹೌದು, ಎಣಿಸಬಹುದು. ಅದು ಮೂಲದಲ್ಲಿ ಎಣಿಕೆಯೇ.

ಮೊದಲು ಪ್ರಶ್ನೆ

ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯಲು ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಆ ಸದ್ದಿನಲ್ಲಿ ಓದಿದ್ದು ತಲೆಯಲ್ಲಿ ಉಳಿಯುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಮಳೆ ಸದ್ದಿದ್ದರೇ ಓದು ಚೆನ್ನಾಗಿ ಹತ್ತುತ್ತದೆ ಅನ್ನುವವರೂ ತೀರ್ಥಹಳ್ಳಿ, ಹೊಸನಗರದ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಹಾಗಾದರೆ ನಮ್ಮ ಪ್ರಶ್ನೆ ಇದು: ಮಳೆಯ ಸದ್ದು ಪದಗಳನ್ನು ನೆನಪಿಟ್ಟುಕೊಳ್ಳುವುದರಲ್ಲಿ ಏನಾದರೂ ವ್ಯತ್ಯಾಸ ಮಾಡುತ್ತದಾ?

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಎಂಟು ವಿದ್ಯಾರ್ಥಿಗಳು ಪ್ರಯೋಗಕ್ಕೆ ಒಪ್ಪಿದ್ದಾರೆ ಅಂತ ಇಟ್ಟುಕೊಳ್ಳೋಣ. ಎಲ್ಲರಿಗೂ ಒಂದೇ 20 ಪದಗಳ ಪಟ್ಟಿ. ನಾಲ್ವರು ನಿಶ್ಶಬ್ದ ಕೋಣೆಯಲ್ಲಿ ಕೂತು ಓದುತ್ತಾರೆ. ಉಳಿದ ನಾಲ್ವರಿಗೆ ತಗಡಿನ ಮೇಲಿನ ಮಳೆಯನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕುತ್ತೇವೆ. ಆಮೇಲೆ ನೆನಪಿದ್ದಷ್ಟು ಪದ ಬರೆಯಲು ಹೇಳುತ್ತೇವೆ.

ಯಾರು ಯಾವ ಕೋಣೆಗೆ ಅನ್ನುವುದನ್ನು ಚೀಟಿ ಎತ್ತಿಯೇ ನಿರ್ಧರಿಸಬೇಕು. ಈ ಒಂದು ಕೆಲಸವನ್ನು ತಪ್ಪಿಸಬೇಡಿ. ಬೆಳಗಿನ ಬಸ್ಸಿನಲ್ಲಿ ಸಾಗರದಿಂದ ದಣಿದು ಬಂದವರನ್ನೆಲ್ಲ ಮಳೆಯ ಕೋಣೆಗೆ, ಹಾಸ್ಟೆಲಿನಿಂದ ಆರಾಮಾಗಿ ಬಂದವರನ್ನೆಲ್ಲ ನಿಶ್ಶಬ್ದ ಕೋಣೆಗೆ ಕಳಿಸಿದರೆ, ಕೊನೆಗೆ ಕಾಣುವ ವ್ಯತ್ಯಾಸ ಮಳೆಯದ್ದೋ ದಣಿವಿನದ್ದೋ ಅಂತ ಹೇಳಲು ಆಗುವುದಿಲ್ಲ. ಆಗ ಪಿ-ವ್ಯಾಲ್ಯೂ ಎಷ್ಟೇ ಚಿಕ್ಕದಾಗಿ ಬಂದರೂ ಅದು ಈ ಗೊಂದಲವನ್ನು ಬಿಡಿಸುವುದಿಲ್ಲ.

ಅಂಕಗಳು ಹೀಗೆ ಬಂದವು ಅಂದುಕೊಳ್ಳಿ. ನಿಶ್ಶಬ್ದ ಕೋಣೆಯವರು 16, 15, 13, 12. ಮಳೆ ಕೋಣೆಯವರು 14, 11, 10, 9. ಮೊದಲ ಗುಂಪಿನ ಸರಾಸರಿ 14, ಎರಡನೆಯದ್ದು 11. ವ್ಯತ್ಯಾಸ 3 ಪದ.

ಈಗ ಎದುರಾಳಿಯ ಮಾತು ಕೇಳಿ

ನಿಮ್ಮ ಗೆಳತಿಯೊಬ್ಬಳು ಅಡ್ಡ ಹಾಕುತ್ತಾಳೆ: ‘ಮಳೆ ಏನೂ ಮಾಡಿಲ್ಲ ಕಣೇ. ನೆನಪಿನ ಶಕ್ತಿ ಜಾಸ್ತಿ ಇದ್ದವರು ಸುಮ್ನೆ ಆ ಕಡೆ ಬಿದ್ದಿದ್ದಾರೆ. ಚೀಟಿ ಹಾಗೆ ಬಂತು, ಅಷ್ಟೇ.’

ಇದೇ ನಲ್ ಹೈಪಾಥಿಸಿಸ್. ಅವಳ ಮಾತಿನ ಪೂರ್ತಿ ಅರ್ಥ ಏನು ನೋಡಿ. 16 ಪದ ಬರೆದವಳು ಮಳೆ ಕೋಣೆಯಲ್ಲಿ ಕೂತಿದ್ದರೂ 16 ಪದವನ್ನೇ ಬರೆಯುತ್ತಿದ್ದಳು. 9 ಬರೆದವನು ನಿಶ್ಶಬ್ದ ಕೋಣೆಯಲ್ಲೂ 9ನ್ನೇ ಬರೆಯುತ್ತಿದ್ದ. ಅಂಕ ಆ ಮನುಷ್ಯನಿಗೆ ಅಂಟಿಕೊಂಡದ್ದು, ಕೋಣೆಗೂ ಅದಕ್ಕೂ ಸಂಬಂಧವಿಲ್ಲ.

ವಾದ ಮಾಡಬೇಡಿ, ಅವಳ ಮಾತನ್ನು ಸ್ವಲ್ಪ ಹೊತ್ತು ನಿಜ ಅಂತಲೇ ಒಪ್ಪಿಕೊಳ್ಳಿ. ಒಪ್ಪಿದ ತಕ್ಷಣ ನಮಗೊಂದು ದೊಡ್ಡ ಅನುಕೂಲ ಸಿಗುತ್ತದೆ. ಚೀಟಿ ಬೇರೆ ರೀತಿ ಬಂದಿದ್ದರೆ ಎಷ್ಟು ವ್ಯತ್ಯಾಸ ಕಾಣುತ್ತಿತ್ತು ಅಂತ ಮತ್ತೆ ಪ್ರಯೋಗ ಮಾಡದೆಯೇ ಲೆಕ್ಕ ಹಾಕಬಹುದು, ಯಾಕೆಂದರೆ ಅಂಕಗಳು ಬದಲಾಗುವುದಿಲ್ಲ, ಗುಂಪು ಮಾತ್ರ ಬದಲಾಗುತ್ತದೆ.

ಚೀಟಿ ಕಲೆಸಿ

ಎಂಟು ಅಂಕಗಳನ್ನು ಎಂಟು ಚೀಟಿಗಳ ಮೇಲೆ ಬರೆಯಿರಿ. ಕಲೆಸಿ. ಕಣ್ಣು ಮುಚ್ಚಿ ನಾಲ್ಕನ್ನು ಎತ್ತಿ ‘ನಿಶ್ಶಬ್ದ’ ಅಂತ ಒಂದು ಕಡೆ ಇಡಿ, ಉಳಿದ ನಾಲ್ಕು ‘ಮಳೆ’. ಎರಡರ ಸರಾಸರಿ ತೆಗೆದು ವ್ಯತ್ಯಾಸ ಬರೆದುಕೊಳ್ಳಿ. ಮತ್ತೆ ಕಲೆಸಿ, ಮತ್ತೆ ಎತ್ತಿ. ನಾಲ್ಕಾರು ಸಲ ಮಾಡುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಮಳೆಯೂ ಇಲ್ಲ, ನಿಶ್ಶಬ್ದವೂ ಇಲ್ಲ, ಬರೀ ಕಾಗದದ ತುಂಡು, ಆದರೂ ವ್ಯತ್ಯಾಸ ಸೊನ್ನೆ ಬರುವುದು ಅಪರೂಪ. ಒಮ್ಮೆ ಒಂದು ಪದ ಹೆಚ್ಚು, ಇನ್ನೊಮ್ಮೆ ಒಂದೂವರೆ ಪದ ಕಡಿಮೆ. ಅದೃಷ್ಟ ಒಂದೇ ಎಷ್ಟು ಏರುಪೇರು ಮಾಡಬಲ್ಲದು ಅನ್ನುವುದನ್ನು ಕೈಯಾರೆ ನೋಡಿದ್ದೀರಿ. ಇದನ್ನು ಮಾಡದೆ ಮುಂದೆ ಓದಬೇಡಿ ಅಂತಲೇ ನನ್ನ ಕೋರಿಕೆ.

ಎಂಟರಲ್ಲಿ ನಾಲ್ಕನ್ನು ಎತ್ತುವ ದಾರಿಗಳು ಒಟ್ಟು 70. ಚೀಟಿ ನ್ಯಾಯವಾಗಿ ಎತ್ತಿದ್ದರೆ 70ಕ್ಕೂ ಸಮಾನ ಅವಕಾಶ. ಈಗ ಕೇಳಬೇಕಾದ್ದು ಇಷ್ಟೇ: ಈ 70ರಲ್ಲಿ ನಮಗೆ ಸಿಕ್ಕಷ್ಟು, ಅಂದರೆ 3 ಪದದಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಕೊಡುವಂಥವು ಎಷ್ಟು?

70ನ್ನೂ ಬರೆಯಬೇಕಿಲ್ಲ. ನಿಶ್ಶಬ್ದ ಗುಂಪಿನ ಮೊತ್ತ 56 ಇತ್ತು, ಹಾಗಾಗಿ 56 ಅಥವಾ ಮೇಲೆ ಬರುವ ನಾಲ್ಕರ ಗುಂಪುಗಳನ್ನು ಹುಡುಕಿದರೆ ಸಾಕು. 16, 15, 14, 13 ಕೂಡಿದರೆ 58. 16, 15, 14, 12 ಕೂಡಿದರೆ 57. 16, 15, 14, 11 ಕೂಡಿದರೆ 56. ಕೊನೆಗೆ ನಮ್ಮದೇ ಗುಂಪು 16, 15, 13, 12, ಅದೂ 56. ಒಟ್ಟು ನಾಲ್ಕು.

ಆದರೆ ನಮ್ಮ ಪ್ರಶ್ನೆ ‘ಏನಾದರೂ ವ್ಯತ್ಯಾಸ ಮಾಡುತ್ತದಾ’ ಅಂತಿತ್ತು. ಮಳೆಯ ಗುಂಪೇ 3 ಪದ ಮುಂದೆ ಇದ್ದಿದ್ದರೂ ನಾವು ಅಷ್ಟೇ ಆಶ್ಚರ್ಯಪಡುತ್ತಿದ್ದೆವು ಅಲ್ವಾ? ಆ ಕಡೆಯಿಂದಲೂ ನಾಲ್ಕು ಸೇರಿಸಿ. 70ರಲ್ಲಿ 8. ಭಾಗಿಸಿದರೆ 0.114.

ಇದೇ ಪಿ-ವ್ಯಾಲ್ಯೂ. ಬೇರೇನೂ ಇಲ್ಲ.

ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1935ರಲ್ಲಿ ಬರೆದ ಚಹಾದ ಪ್ರಯೋಗದಲ್ಲೂ ಎಣಿಕೆ ಇದೇ. ಹಾಲು ಮೊದಲು ಹಾಕಿದ್ದಾ, ಚಹಾ ಮೊದಲು ಹಾಕಿದ್ದಾ ಅಂತ ರುಚಿ ನೋಡಿ ಹೇಳಬಲ್ಲೆ ಅನ್ನುವ ಮಹಿಳೆಗೆ ಎಂಟು ಕಪ್, ನಾಲ್ಕು ಹೀಗೆ ನಾಲ್ಕು ಹಾಗೆ. ಅಲ್ಲೂ 70 ದಾರಿ. ಬರೀ ಊಹೆಯಿಂದ ಎಲ್ಲವನ್ನೂ ಸರಿ ಹೇಳುವ ಸಾಧ್ಯತೆ 70ಕ್ಕೆ 1.

0.114ನ್ನು ಓದುವುದು

ಹೀಗೆ ಓದಿ: ಮಳೆ ಏನೂ ಮಾಡದಿದ್ದರೆ, ಬರೀ ಚೀಟಿ ಎತ್ತುವುದರಿಂದಲೇ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ನೂರಕ್ಕೆ ಸುಮಾರು 11 ಸಲ ಬರುತ್ತದೆ. ವಾಕ್ಯದ ಶುರುವಿನಲ್ಲಿರುವ ‘ಮಾಡದಿದ್ದರೆ’ಯನ್ನು ಬಿಡಲೇಬೇಡಿ. ಅದನ್ನು ಬಿಟ್ಟವರು ‘ಮಳೆ ಏನೂ ಮಾಡಿಲ್ಲ ಅನ್ನುವುದಕ್ಕೆ 11 ಪರ್ಸೆಂಟ್ ಸಾಧ್ಯತೆ’ ಅಂತ ಬರೆಯುತ್ತಾರೆ. ಅದು ತಪ್ಪು. ಗೆಳತಿಯ ಮಾತು ನಿಜ ಅಂತ ಒಪ್ಪಿಕೊಂಡೇ ನಾವು ಚೀಟಿ ಕಲೆಸಿದ್ದು. ಒಪ್ಪಿಕೊಂಡು ಶುರು ಮಾಡಿದ ಲೆಕ್ಕ ಆ ಮಾತು ಎಷ್ಟು ನಿಜ ಅಂತ ತಿರುಗಿ ಹೇಳಲಾರದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2016ರಲ್ಲಿ ಈ ತಪ್ಪಿನ ಬಗ್ಗೆಯೂ ಸೇರಿಸಿ ಒಂದು ಹೇಳಿಕೆಯನ್ನೇ ಹೊರಡಿಸಬೇಕಾಯಿತು, ಅಷ್ಟರ ಮಟ್ಟಿಗೆ ಇದು ಎಲ್ಲರೂ ಬೀಳುವ ಗುಂಡಿ.

0.114 ಅನ್ನುವುದು 0.05ಕ್ಕಿಂತ ಜಾಸ್ತಿ, ಹಾಗಾಗಿ ರೂಢಿಯ ಪ್ರಕಾರ ನಲ್ ಹೈಪಾಥಿಸಿಸ್ ಅನ್ನು ತಳ್ಳಿಹಾಕುವುದಿಲ್ಲ. ಹಾಗಂತ ‘ಮಳೆಯಿಂದ ಪರಿಣಾಮ ಇಲ್ಲ ಎಂದು ಸಾಬೀತಾಯಿತು’ ಅಂತ ಬರೆದರೆ ಎರಡನೇ ತಪ್ಪು. ಯಾಕೆ ಅಂತ ಚೀಟಿಗಳೇ ತೋರಿಸುತ್ತವೆ. ಎಂಟೇ ಜನ ಇದ್ದಾಗ ಮೊತ್ತ 57 ಬಂದಿದ್ದರೂ 70ರಲ್ಲಿ 4, ಅಂದರೆ 0.057. 0.05ರ ಕೆಳಗೆ ಇಳಿಯಲು ಇರುವುದು ಒಂದೇ ದಾರಿ: ಒಂದು ಕೋಣೆಯ ನಾಲ್ವರೂ ಇನ್ನೊಂದು ಕೋಣೆಯ ನಾಲ್ವರನ್ನೂ ಮೀರಿಸಬೇಕು. ಆಗ 70ರಲ್ಲಿ 2, ಅಂದರೆ 0.029. ಮನುಷ್ಯರ ನೆನಪಿನ ಶಕ್ತಿ ಒಬ್ಬರಿಂದೊಬ್ಬರಿಗೆ ಇಷ್ಟು ಬೇರೆ ಇರುವಾಗ ಅಂಥ ಅಚ್ಚುಕಟ್ಟಾದ ಫಲಿತಾಂಶ ಎಷ್ಟು ಸಲ ಬಂದೀತು? ಮಳೆ ನಿಜವಾಗಿ ತೊಂದರೆ ಕೊಡುತ್ತಿದ್ದರೂ ಈ ಪುಟ್ಟ ಪ್ರಯೋಗ ಅದನ್ನು ಹಿಡಿಯದೇ ಹೋಗುವ ಸಾಧ್ಯತೆ ದೊಡ್ಡದು. ಪವರ್ ಕಡಿಮೆ ಅನ್ನುವುದು ಇದಕ್ಕೇ. ಮಧ್ಯಮ ಗಾತ್ರದ ಪರಿಣಾಮವನ್ನು, ಅಂದರೆ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ವ್ಯತ್ಯಾಸವನ್ನು, ಐದರಲ್ಲಿ ನಾಲ್ಕು ಸಲ ಹಿಡಿಯಬೇಕಾದರೆ ಟಿ-ಟೆಸ್ಟಿಗೆ ಪ್ರತಿ ಗುಂಪಿನಲ್ಲಿ ಸುಮಾರು 64 ಜನ ಬೇಕು.

ಹಾಳಾಗುವುದು ಎಲ್ಲಿ

ನಾಲ್ಕನ್ನು ಎಂಟು ಮಾಡಿದ ಜಾಗಕ್ಕೆ ವಾಪಸ್ ಬನ್ನಿ. ‘ಮಳೆ ತೊಂದರೆ ಕೊಡುತ್ತದೆ’ ಅಂತ ಒಂದೇ ಕಡೆ ನೋಡಿದ್ದರೆ 70ರಲ್ಲಿ 4, ಪಿ-ವ್ಯಾಲ್ಯೂ 0.057 ಆಗುತ್ತಿತ್ತು. ಅಂಕ ನೋಡಿದ ಮೇಲೆ ಹಾಗೆ ಬದಲಾಯಿಸುವ ಆಸೆ ಬರುತ್ತದೆ. ಬೇಡ. ಮಳೆ ಗುಂಪು ಮುಂದೆ ಬಂದಿದ್ದರೆ ಅದನ್ನೂ ನೀವು ಬರೆದೇ ಬರೆಯುತ್ತಿದ್ದಿರಿ, ಹಾಗಿರುವಾಗ ಆ ನಾಲ್ಕನ್ನು ಎಣಿಕೆಯಿಂದ ಬಿಡುವುದು ಪ್ರಾಮಾಣಿಕ ಅಲ್ಲ. ಒಂದು ಕಡೆಯೋ ಎರಡು ಕಡೆಯೋ ಅನ್ನುವುದನ್ನು ಪ್ರಯೋಗಕ್ಕೆ ಮೊದಲೇ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ.

ಇನ್ನೊಂದು, ಇದು ಪ್ರಾಜೆಕ್ಟುಗಳಲ್ಲಿ ತುಂಬಾ ಆಗುತ್ತದೆ. ನೆನಪು, ಆತಂಕ, ಮೂಡ್, ನಿದ್ದೆ, ಏಕಾಗ್ರತೆ ಅಂತ ಐದು ಅಳತೆ ತೆಗೆದು ಐದಕ್ಕೂ ಟೆಸ್ಟ್ ಮಾಡಿ, 0.05ರ ಕೆಳಗೆ ಬಂದ ಒಂದನ್ನು ಮಾತ್ರ ವರದಿಯಲ್ಲಿ ಬರೆಯುವುದು. ಮಳೆ ಯಾವುದರ ಮೇಲೂ ಏನೂ ಮಾಡದಿದ್ದರೂ, ಆ ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ, ಕನಿಷ್ಠ ಒಂದಾದರೂ ಕೆಳಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 23. ಐದೂ ಅಳತೆಗಳನ್ನು ವರದಿಯಲ್ಲಿ ಹೇಳಿದರೆ ಓದುವವರಿಗೆ ನಿಜ ಪರಿಸ್ಥಿತಿ ತಿಳಿಯುತ್ತದೆ.

ಕಂಪ್ಯೂಟರಿನಲ್ಲಿ ತಾಳೆ ನೋಡಿ

ಉಚಿತವಾಗಿ ಸಿಗುವ ಆರ್ ತಂತ್ರಾಂಶ ಇದ್ದರೆ ಇಷ್ಟು ಟೈಪ್ ಮಾಡಿ:

```r
nishabda <- c(16, 15, 13, 12)
male <- c(14, 11, 10, 9)
wilcox.test(nishabda, male)
t.test(nishabda, male, var.equal = TRUE)
```

ಮೊದಲ ಟೆಸ್ಟ್ ಅಂಕಗಳ ಬದಲು ಅವುಗಳ ಸ್ಥಾನ ನೋಡಿ, ನಮ್ಮ ಹಾಗೆಯೇ 70 ದಾರಿಗಳನ್ನು ಎಣಿಸುತ್ತದೆ. ಇಲ್ಲಿ ಅಂಕಗಳು 9ರಿಂದ 16ರವರೆಗೆ ಒಂದೊಂದೇ ಏರುವುದರಿಂದ ಉತ್ತರವೂ ಅದೇ, 0.1143. ಎರಡನೆಯದು 0.078 ಕೊಡುತ್ತದೆ. ಟಿ-ಟೆಸ್ಟ್ ಚೀಟಿ ಎಣಿಸುವುದಿಲ್ಲ, ಅಂಕಗಳು ನಾರ್ಮಲ್ ಕರ್ವ್‌ನಂತೆ ಹರಡಿವೆ ಅಂತ ನಂಬಿ ಲೆಕ್ಕ ಮಾಡುತ್ತದೆ, ಅದಕ್ಕೇ ಸಂಖ್ಯೆ ಬೇರೆ. ಎರಡನ್ನೂ ನೋಡಿ ಚಿಕ್ಕದಾಗಿರುವುದನ್ನು ಆರಿಸಿಕೊಳ್ಳುವುದೂ ಮೇಲೆ ಹೇಳಿದ ತಪ್ಪಿನ ಜಾತಿಯದ್ದೇ. ಇಬ್ಬರಿಗೆ ಒಂದೇ ಅಂಕ ಬಂದಿದ್ದರೆ ಮೊದಲ ಟೆಸ್ಟ್ `cannot compute exact p-value with ties` ಅಂತ ಎಚ್ಚರಿಸುತ್ತದೆ. ಗಾಬರಿ ಬೇಡ, ಪೂರ್ತಿ ಎಣಿಕೆಯ ಬದಲು ಅಂದಾಜು ಲೆಕ್ಕ ಕೊಟ್ಟಿದೆ ಅಂತ ಅರ್ಥ.

ಟಿ-ಟೆಸ್ಟಿನ ಕೆಳಗೆ ಇನ್ನೊಂದು ಸಾಲು ಇರುತ್ತದೆ, 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್. ಇಲ್ಲಿ ಅದು ಸುಮಾರು −0.46ರಿಂದ 6.46. ವರದಿಯಲ್ಲಿ ಪಿ-ವ್ಯಾಲ್ಯೂ ಜೊತೆ ಇದನ್ನೂ ಬರೆಯಿರಿ: ನಿಶ್ಶಬ್ದ ಕೋಣೆಯವರು ಸರಾಸರಿ 3 ಪದ ಹೆಚ್ಚು ಬರೆದರು, ಆದರೆ ನಿಜವಾದ ವ್ಯತ್ಯಾಸ ಅವರ ಕಡೆಗೆ ಆರೂವರೆ ಪದದಷ್ಟು ಇರಬಹುದು, ಅಥವಾ ಮಳೆಯ ಕಡೆಗೇ ಅರ್ಧ ಪದ ವಾಲಿರಲೂಬಹುದು, ಎಂಟು ಜನರ ಈ ಅಂಕಗಳು ಎರಡನ್ನೂ ಅಲ್ಲಗಳೆಯುವುದಿಲ್ಲ.